ಲ್ಯಾಪ್‌ಟಾಪ್ ಸ್ಟ್ಯಾಂಡ್ ಜಾಹೀರಾತು: ಒಂದು ಸ್ಕ್ರಿಪ್ಟ್, ಎರಡು ಆರಂಭ

ಹುಕ್ ಎ (0–4 ಸೆಕೆಂಡ್)
ಪಕ್ಕದಿಂದ ಶಾಟ್. ಹುಡುಗಿ ಲ್ಯಾಪ್‌ಟಾಪ್ ಮೇಲೆ ಬಾಗಿ ಕೂತಿದ್ದಾಳೆ. ಕೈ ತಾನಾಗಿ ಕತ್ತಿನ ಹಿಂದಕ್ಕೆ ಹೋಗುತ್ತದೆ. ಸಂಗೀತ ಬೇಡ, ಕೀಬೋರ್ಡ್ ಸದ್ದು ಸಾಕು.
ಧ್ವನಿ: "ಸಂಜೆಯಾದರೆ ನಿಮ್ಮ ಕೈಯೂ ಇಲ್ಲಿಗೇ ಹೋಗುತ್ತೆ, ಅಲ್ವಾ?"

ಹುಕ್ ಬಿ (0–4 ಸೆಕೆಂಡ್)
ಅದೇ ಹುಡುಗಿ, ಅದೇ ಮೇಜು, ಅದೇ ಶಾಟ್. ತೆರೆಯ ಮೇಲೆ ದೊಡ್ಡದಾಗಿ: 5 ಕಿಲೋ.
ಧ್ವನಿ: "ತಲೆಯ ತೂಕ ಸುಮಾರು 5 ಕಿಲೋ. ಬಾಗಿದಷ್ಟೂ ಕತ್ತಿಗೆ ಭಾರ ಜಾಸ್ತಿ."

ಇಲ್ಲಿಂದ ಎರಡಕ್ಕೂ ಒಂದೇ (4–20 ಸೆಕೆಂಡ್)
ಧ್ವನಿ: "ಲ್ಯಾಪ್‌ಟಾಪಿನಲ್ಲಿ ಸ್ಕ್ರೀನ್ ಮತ್ತು ಕೀಬೋರ್ಡ್ ಜೊತೆಗೇ ಇರುತ್ತವೆ. ಕೈಗೆ ಸರಿಹೋಗುವ ಎತ್ತರ ಕಣ್ಣಿಗೆ ಸರಿಹೋಗಲ್ಲ. ಈ ಸ್ಟ್ಯಾಂಡ್ ಸ್ಕ್ರೀನನ್ನು ಕಣ್ಣಿನ ಮಟ್ಟಕ್ಕೆ ಎತ್ತುತ್ತದೆ. ಟೈಪ್ ಮಾಡಲು ಬೇರೆ ಕೀಬೋರ್ಡ್ ಮೇಜಿನ ಮೇಲಿರಲಿ. ಕೆಲಸ ಮುಗಿದ ಮೇಲೆ ಮಡಚಿ ಬ್ಯಾಗಿಗೆ ಹಾಕಿ. ಕೆಳಗಿನ ಲಿಂಕ್ ಒತ್ತಿ ನೋಡಿ."

ಎಡಿಟರ್ ಗಮನಕ್ಕೆ
ಎ ನೋಡುವವರ ಅನುಭವವನ್ನು ಮುಟ್ಟುತ್ತದೆ, ಬಿ ಕುತೂಹಲವನ್ನು. ಎರಡರಲ್ಲಿ ಯಾವುದು ಹೆಚ್ಚು ಕೆಲಸ ಮಾಡುತ್ತದೆ, ನಾವು ತಿಳಿಯಬೇಕಿರುವುದು ಇದೊಂದೇ. ಹಾಗಾಗಿ ಥಂಬ್‌ನೇಲ್, ಕ್ಯಾಪ್ಶನ್, ಬಜೆಟ್, ಪ್ರೇಕ್ಷಕರ ಗುಂಪು ಯಾವುದನ್ನೂ ಬದಲಿಸಬೇಡಿ. ಎರಡನ್ನೂ ಒಂದೇ ಹೊತ್ತಿಗೆ ಬಿಡಿ. ಮೊದಲ 3 ಸೆಕೆಂಡ್ ದಾಟಿ ಎಷ್ಟು ಜನ ಉಳಿದರು ಅಂತ ಮೊದಲು ನೋಡೋಣ, ಆಮೇಲೆ ಲಿಂಕ್ ಒತ್ತಿದವರನ್ನು. ಜನ ನಿಂತು ನೋಡಿದರೂ ಲಿಂಕ್ ಒತ್ತದಿದ್ದರೆ ಆ ಹುಕ್ ಗೆದ್ದಂತೆ ಅಲ್ಲ.

"ಕತ್ತು ನೋವು ವಾಸಿಯಾಗುತ್ತದೆ" ಎಂದು ಎಲ್ಲೂ ಸೇರಿಸಬೇಡಿ, ದಯವಿಟ್ಟು. ನಾವು ಮಾರುತ್ತಿರುವುದು ಸ್ಟ್ಯಾಂಡ್, ಔಷಧಿ ಅಲ್ಲ.