ನಡಿಗೆ ಫಿಸಿಯೋಥೆರಪಿ, ಕುವೆಂಪುನಗರ: ವೆಬ್‌ಸೈಟಿನ ಪೇಜ್ ಟೈಟಲ್, ಮೆಟಾ ಡಿಸ್ಕ್ರಿಪ್ಶನ್

ಸೈಟ್ ಮಾಡುತ್ತಿರುವವರಿಗೆ: ಕೆಳಗಿರುವುದನ್ನು ಹಾಗೇ ಕಾಪಿ ಮಾಡಿ ಹಾಕಿ. ‘ಮೈಸೂರಿನ ನಂಬರ್ 1’, ‘ನೂರಕ್ಕೆ ನೂರು ಗುಣ’ ಅಂತೆಲ್ಲ ಎಲ್ಲೂ ಸೇರಿಸಬೇಡಿ. ಮೆಷಿನ್‌ಗಳ ಹೆಸರೂ ಬೇಡ. ನೋವಿರುವವರು ಗೂಗಲ್‌ನಲ್ಲಿ ಹುಡುಕುವುದು ನೋವನ್ನು, ಮೆಷಿನ್ ಅನ್ನಲ್ಲ ಅಲ್ವಾ?

ಹೋಮ್ ಪೇಜ್

```html
<title>ಕುವೆಂಪುನಗರದಲ್ಲಿ ಫಿಸಿಯೋಥೆರಪಿ | ನಡಿಗೆ, ಮೈಸೂರು</title>
<meta name="description" content="ಮಂಡಿ, ಸೊಂಟ, ಕುತ್ತಿಗೆ, ಭುಜದ ನೋವಿಗೆ ಮೈಸೂರಿನ ಕುವೆಂಪುನಗರದಲ್ಲಿ ಫಿಸಿಯೋಥೆರಪಿ. ನೆಲಮಹಡಿ, ಮೆಟ್ಟಿಲು ಹತ್ತಬೇಕಿಲ್ಲ. ಸೋಮವಾರದಿಂದ ಶನಿವಾರ, ಬೆಳಿಗ್ಗೆ 8–12:30, ಸಂಜೆ 4–8.">
```

ಮೆಟ್ಟಿಲಿನ ಮಾತು ಸುಮ್ನೆ ಹಾಕಿದ್ದಲ್ಲ. ಮಂಡಿ ನೋವಿನವರು ಫೋನ್ ಮಾಡಿದರೆ ಫೀಸ್‌ಗಿಂತ ಮೊದಲು ಕೇಳುವುದು ‘ಮೇಲೆ ಹತ್ತಬೇಕಾ?’ ಅಂತ. ಜಾಗ ಸಾಲದೆ ಗೂಗಲ್ ಕೊನೆಯಲ್ಲಿ ಕತ್ತರಿಸಿದರೆ ಸಮಯ ಹೋಗಲಿ, ಅದು ಹೇಗೂ ಮ್ಯಾಪ್‌ನಲ್ಲಿ ಕಾಣುತ್ತದೆ.

ಮಂಡಿ ನೋವು (`/mandi-novu`)

ಟೈಟಲ್: ಮಂಡಿ ನೋವಿಗೆ ಫಿಸಿಯೋಥೆರಪಿ, ಕುವೆಂಪುನಗರ | ನಡಿಗೆ

ಡಿಸ್ಕ್ರಿಪ್ಶನ್: ಮೆಟ್ಟಿಲು ಇಳಿಯುವಾಗ ಮಂಡಿ ನೋಯುತ್ತದಾ? ನೆಲದ ಮೇಲೆ ಕೂತರೆ ಏಳಲು ಕಷ್ಟವಾ? ಮಂಡಿ ಸವೆದಿದ್ದರೂ ತೊಡೆಗೆ ಬಲ ಬಂದರೆ ನೋವು ಕಡಿಮೆಯಾಗಬಹುದು. ಮಂಡಿ ಪರೀಕ್ಷಿಸಿ, ನಿಮಗೆ ಹೊಂದುವ ವ್ಯಾಯಾಮ ಕಲಿಸುತ್ತೇವೆ.

ಮಂಡಿ ಆಪರೇಷನ್ ಆದವರಿಗೆ (`/mandi-operation-nantara`)

ಟೈಟಲ್: ಮಂಡಿ ಆಪರೇಷನ್ ಆದ ಮೇಲೆ ವ್ಯಾಯಾಮ, ಮೈಸೂರು | ನಡಿಗೆ

ಡಿಸ್ಕ್ರಿಪ್ಶನ್: ಕಾಲು ಪೂರ್ತಿ ಚಾಚಲು, ಮಡಚಲು, ವಾಕರ್ ಬಿಟ್ಟು ಕೋಲು ಹಿಡಿಯಲು, ಆಮೇಲೆ ಕೋಲೂ ಬಿಟ್ಟು ನಡೆಯಲು ಹಂತಹಂತವಾಗಿ ವ್ಯಾಯಾಮ. ಬರುವಾಗ ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ ತನ್ನಿ.

ಸೊಂಟ ನೋವು, ಸಯಾಟಿಕಾ (`/sonta-novu`)

ಟೈಟಲ್: ಸೊಂಟ ನೋವು, ಸಯಾಟಿಕಾಗೆ ಫಿಸಿಯೋಥೆರಪಿ | ನಡಿಗೆ, ಮೈಸೂರು

ಡಿಸ್ಕ್ರಿಪ್ಶನ್: ಸೊಂಟದಿಂದ ಕಾಲಿನವರೆಗೆ ಎಳೆಯುವ ನೋವಾ? ಡಿಸ್ಕ್ ಜಾರಿದೆ ಅಂದ ಮಾತ್ರಕ್ಕೆ ಎಲ್ಲರಿಗೂ ಆಪರೇಷನ್ ಬೇಕಾಗುವುದಿಲ್ಲ. ಮೂತ್ರದ ಹಿಡಿತ ತಪ್ಪಿದರೆ ಮಾತ್ರ ನಮ್ಮಲ್ಲಿಗೆ ಬರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಕೊನೆಯ ವಾಕ್ಯ ತೆಗೆಯಬೇಡಿ. ಜಾಹೀರಾತಿನಲ್ಲಿ ‘ಬರಬೇಡಿ’ ಅಂತ ಯಾರು ಬರೆಯುತ್ತಾರೆ ಅಂತ ನಿಮಗೆ ಅನಿಸಬಹುದು. ಆದರೆ ಸೊಂಟ ನೋವಿನ ಜೊತೆ ಮೂತ್ರ ತಿಳಿಯದೆ ಹೋಗುವುದು, ಕಟ್ಟಿಕೊಳ್ಳುವುದು, ಕೂರುವ ಜಾಗ ಜೋಮು ಹಿಡಿಯುವುದು ಕಂಡರೆ ಅದು ತುರ್ತು. ಬೆನ್ನಿನ ಕೆಳಭಾಗದ ನರಗಳು ಒತ್ತಿ ಹೋಗಿರಬಹುದು, ಗಂಟೆಗಳ ಲೆಕ್ಕ ಅದು. ನಮ್ಮಲ್ಲಿ ಕಾಯುತ್ತಾ ಕೂರುವುದು ಅವರಿಗೆ ಅಪಾಯ. ಗೂಗಲ್ ಕೆಲವೊಮ್ಮೆ ನಾವು ಕೊಟ್ಟ ಡಿಸ್ಕ್ರಿಪ್ಶನ್ ಬಿಟ್ಟು ಪೇಜಿನೊಳಗಿನ ಸಾಲುಗಳನ್ನೇ ತೋರಿಸುತ್ತದೆ. ಹಾಗಾಗಿ ಇದೇ ಮಾತು ಪೇಜಿನ ಮೊದಲ ಪ್ಯಾರಾದಲ್ಲೂ ಇರಲಿ.

ಭುಜ (`/bhuja-novu`)

ಟೈಟಲ್: ಭುಜ ಹಿಡಿದುಕೊಂಡಿದೆಯಾ? ಫ್ರೋಜನ್ ಶೋಲ್ಡರ್ ಚಿಕಿತ್ಸೆ | ನಡಿಗೆ

ಡಿಸ್ಕ್ರಿಪ್ಶನ್: ತಲೆ ಬಾಚಲು ಕೈ ಏಳುತ್ತಿಲ್ಲವಾ? ಬ್ಲೌಸಿನ ಹುಕ್ ಹಾಕಲು ಕೈ ಹಿಂದಕ್ಕೆ ಹೋಗುತ್ತಿಲ್ಲವಾ? ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಜಾಸ್ತಿ. ಸರಿಹೋಗಲು ತಿಂಗಳುಗಳು ಬೇಕು, ಮನೆಯಲ್ಲಿ ಮಾಡುವ ವ್ಯಾಯಾಮವನ್ನೂ ಕಲಿಸುತ್ತೇವೆ.

‘ತಿಂಗಳುಗಳು ಬೇಕು’ ಅನ್ನುವುದು ಇರಲೇಬೇಕು. ನಾಲ್ಕು ದಿನದಲ್ಲಿ ಕೈ ಏಳುತ್ತದೆ ಅಂದುಕೊಂಡು ಬಂದವರು ಐದನೇ ದಿನ ಬರುವುದಿಲ್ಲ.

ಲಕ್ವ, ಮನೆಗೆ ಬಂದು ಚಿಕಿತ್ಸೆ (`/manege-physiotherapy`)

ಟೈಟಲ್: ಲಕ್ವ ಹೊಡೆದವರಿಗೆ ಮನೆಯಲ್ಲೇ ಫಿಸಿಯೋಥೆರಪಿ, ಮೈಸೂರು

ಡಿಸ್ಕ್ರಿಪ್ಶನ್: ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಕೂರಿಸುವುದು, ನಿಲ್ಲಿಸುವುದು, ನಡೆಸುವುದು. ನೋಡಿಕೊಳ್ಳುವವರಿಗೂ ಹೇಳಿಕೊಡುತ್ತೇವೆ. ಕುವೆಂಪುನಗರ, ರಾಮಕೃಷ್ಣನಗರ, ದಟ್ಟಗಳ್ಳಿ, ಶ್ರೀರಾಂಪುರ, ಸರಸ್ವತಿಪುರಂ.

ಟೈಟಲ್‌ನಲ್ಲಿ ‘ಪಾರ್ಶ್ವವಾಯು’ ಬೇಡ, ಮನೆಯವರು ಲಕ್ವ ಅಂತಲೇ ಹುಡುಕುತ್ತಾರೆ. ಪೇಜಿನೊಳಗೆ ಎರಡೂ ಬರಲಿ. ಬಡಾವಣೆಗಳ ಪಟ್ಟಿಗೆ ಹೊಸ ಹೆಸರು ಸೇರಿಸಬೇಡಿ. ನಾವು ಹೋಗದ ಕಡೆಯವರು ಫೋನ್ ಮಾಡಿ, ಆಗಲ್ಲ ಅನ್ನಿಸಿಕೊಳ್ಳುವುದು ಬೇಡ. ಈ ಪೇಜಿನ ಮೇಲ್ಗಡೆ ದಪ್ಪ ಅಕ್ಷರದಲ್ಲಿ ಒಂದು ಸಾಲು: ಇದ್ದಕ್ಕಿದ್ದಂತೆ ಮುಖ ಓರೆಯಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ 108ಕ್ಕೆ ಫೋನ್ ಮಾಡಿ.

ಫೀಸ್, ಸಮಯ, ದಾರಿ (`/samparka`)

ಟೈಟಲ್: ಫೀಸ್, ಸಮಯ, ದಾರಿ | ನಡಿಗೆ ಫಿಸಿಯೋಥೆರಪಿ, ಕುವೆಂಪುನಗರ

ಡಿಸ್ಕ್ರಿಪ್ಶನ್: ಮೊದಲ ಭೇಟಿ 500 ರೂಪಾಯಿ, ಸುಮಾರು 45 ನಿಮಿಷ. ಬರುವ ಮುಂಚೆ ಫೋನ್ ಮಾಡಿದರೆ ಕಾಯುವುದು ತಪ್ಪುತ್ತದೆ. ಹಳೆಯ ರಿಪೋರ್ಟ್ ಇದ್ದರೆ ತನ್ನಿ, ಸಡಿಲವಾದ ಬಟ್ಟೆ ಹಾಕಿಕೊಂಡು ಬನ್ನಿ. ಭಾನುವಾರ ರಜಾ.