ವಿಷಯ: ನರಸಾಪುರದ ತರಕಾರಿ ಸರಬರಾಜು ಗುತ್ತಿಗೆಗೆ ಇನ್ಶೂರೆನ್ಸ್ ಸರ್ಟಿಫಿಕೇಟ್, ಮಾರ್ಚ್ 18ರೊಳಗೆ ಬೇಕಾಗಿದೆ

ದಿನಾಂಕ: 10 ಮಾರ್ಚ್ 2026

ಶಾಖಾ ಮ್ಯಾನೇಜರ್ ಅವರಿಗೆ,
ಕೋಲಾರ ಶಾಖೆ

ನಮಸ್ಕಾರ ಸರ್,

ಟಮಕ ಕೈಗಾರಿಕಾ ಪ್ರದೇಶದಲ್ಲಿ ತರಕಾರಿ ತೊಳೆದು, ಹೆಚ್ಚಿ, ಪ್ಯಾಕ್ ಮಾಡಿ ಕಳಿಸುವ ಘಟಕ ನನ್ನದು. ಘಟಕದ ಬೆಂಕಿ ವಿಮೆ, ಕಾರ್ಮಿಕರ ಪರಿಹಾರ ಪಾಲಿಸಿ, ಲಯಬಿಲಿಟಿ ಪಾಲಿಸಿ, ಮೂರೂ ನಿಮ್ಮ ಶಾಖೆಯಲ್ಲೇ ಇವೆ. ಮೂರರ ಅವಧಿಯೂ 1 ಜುಲೈ 2025ರಿಂದ 30 ಜೂನ್ 2026ರವರೆಗೆ. ಪಾಲಿಸಿಗಳ ಮೊದಲ ಪುಟಗಳನ್ನು ಇದರ ಜೊತೆ ಕಳಿಸಿದ್ದೇನೆ, ನಂಬರ್‌ಗಳು ಅದರಲ್ಲಿವೆ.

ನರಸಾಪುರದ ಒಂದು ಕಾರ್ಖಾನೆಯ ಕ್ಯಾಂಟೀನ್‌ಗೆ ಹೆಚ್ಚಿದ ತರಕಾರಿ ಕೊಡುವ ಒಂದು ವರ್ಷದ ಗುತ್ತಿಗೆಗೆ ನಾವು ಅರ್ಜಿ ಹಾಕಿದ್ದೇವೆ. ಕೆಲಸ ಏಪ್ರಿಲ್ 15ಕ್ಕೆ ಶುರು. ನಮ್ಮ ರೇಟನ್ನು ಅವರು ಒಪ್ಪಿದ್ದಾರೆ, ಘಟಕವನ್ನೂ ಬಂದು ನೋಡಿದ್ದಾರೆ. ಈಗ ಬಾಕಿ ಇರುವುದು ಇನ್ಶೂರೆನ್ಸ್ ಸರ್ಟಿಫಿಕೇಟ್ ಒಂದೇ. ಮಾರ್ಚ್ 24ರ ಸಂಜೆ 5ರೊಳಗೆ ಅದನ್ನು ಅಪ್‌ಲೋಡ್ ಮಾಡದಿದ್ದರೆ ಅರ್ಜಿ ತಳ್ಳಿಹೋಗುತ್ತದೆ. ಪ್ರೀಮಿಯಂ ಕಟ್ಟಿದ ರಸೀದಿಯಾಗಲಿ, ಪಾಲಿಸಿಯ ಜೆರಾಕ್ಸ್ ಆಗಲಿ ನಡೆಯುವುದಿಲ್ಲ ಅಂತ ಅವರ ಖರೀದಿ ವಿಭಾಗದವರು ಖಚಿತವಾಗಿ ಹೇಳಿದ್ದಾರೆ. ನಿಮ್ಮ ಕಂಪನಿಯ ಲೆಟರ್‌ಹೆಡ್‌ನಲ್ಲಿ, ಸಹಿ ಮತ್ತು ಸೀಲ್ ಸಮೇತ ಇರಬೇಕಂತೆ.

ಅವರು ಮುಖ್ಯವಾಗಿ ನೋಡುವುದು ಲಯಬಿಲಿಟಿ ಪಾಲಿಸಿಯನ್ನು. ಅದು ಸರಿಯೇ ಅಲ್ವಾ? ಒಂದು ಶಿಫ್ಟ್‌ನಲ್ಲಿ ನೂರಾರು ಜನ ಒಂದೇ ಅಡುಗೆ ಊಟ ಮಾಡುತ್ತಾರೆ. ನಮ್ಮ ಸೊಪ್ಪಿನಲ್ಲೋ ಸೌತೆಕಾಯಿಯಲ್ಲೋ ಏನಾದರೂ ಕೆಟ್ಟದ್ದು ಸೇರಿ ಅವರ ಆರೋಗ್ಯ ಕೆಟ್ಟರೆ ಪರಿಹಾರ ಕೊಡುವ ಹೊಣೆ ನಮ್ಮ ಮೇಲೆ ಬರುತ್ತದೆ. ಇಂಥ ಕಡೆ ನಮ್ಮ ಘಟಕದೊಳಗಿನ ಅಪಘಾತಕ್ಕಿರುವ ಪಬ್ಲಿಕ್ ಲಯಬಿಲಿಟಿ ಸಾಲದು, ಮಾಲು ನಮ್ಮ ಕೈ ಬಿಟ್ಟ ಮೇಲಿನ ತೊಂದರೆಗೆ ಪ್ರಾಡಕ್ಟ್ ಲಯಬಿಲಿಟಿ ಬೇಕು. ನಮ್ಮ ಪಾಲಿಸಿಯಲ್ಲಿ ಎರಡೂ ಇವೆ. ಆದರೆ ಸರ್ಟಿಫಿಕೇಟ್‌ನಲ್ಲಿ ಅವು ಬೇರೆ ಬೇರೆ ಸಾಲಿನಲ್ಲಿ ಕಾಣಬೇಕು. ಒಂದು ಅಪಘಾತಕ್ಕೆ ಎಷ್ಟು, ಇಡೀ ವರ್ಷಕ್ಕೆ ಎಷ್ಟು ಎನ್ನುವ ಮಿತಿಗಳು, ಕ್ಲೇಮ್‌ನಲ್ಲಿ ನಾವೇ ಭರಿಸಬೇಕಾದ ಮೊತ್ತ, ರೆಟ್ರೋಆಕ್ಟಿವ್ ದಿನಾಂಕ ಇವನ್ನೂ ದಯವಿಟ್ಟು ನಮೂದಿಸಿ.

ಇಲ್ಲೇ ಒಂದು ತೊಡಕಿದೆ. ಪ್ರಾಡಕ್ಟ್ ಲಯಬಿಲಿಟಿಗೆ ಅವರು ಒಂದು ಅಪಘಾತಕ್ಕೆ 1 ಕೋಟಿ ರೂಪಾಯಿ ಕೇಳುತ್ತಾರೆ. ನಮ್ಮ ಪಾಲಿಸಿಯಲ್ಲಿರುವುದು 50 ಲಕ್ಷ. ಮೊದಲು ಎಂಡಾರ್ಸ್‌ಮೆಂಟ್ ಮಾಡಿ ಮಿತಿ ಏರಿಸಿ, ಆಮೇಲೆ ಸರ್ಟಿಫಿಕೇಟ್ ಕೊಡಿ. ಹೆಚ್ಚುವರಿ ಪ್ರೀಮಿಯಂ ಎಷ್ಟು ಅಂತ ತಿಳಿಸಿದ ದಿನವೇ ಕಟ್ಟುತ್ತೇನೆ. ಪ್ರೀಮಿಯಂ ನಿಮ್ಮ ಕೈ ಸೇರದೆ ರಿಸ್ಕ್ ಶುರುವಾಗುವುದಿಲ್ಲ ಅನ್ನುವುದು ನನಗೆ ಗೊತ್ತು. ಕಾರ್ಖಾನೆಯವರ ಹೆಸರನ್ನೂ ಹೆಚ್ಚುವರಿ ವಿಮೆದಾರರಾಗಿ ಸೇರಿಸಲು ಕೇಳಿದ್ದಾರೆ. ಅದಕ್ಕೂ ಎಂಡಾರ್ಸ್‌ಮೆಂಟ್ ಬೇಕಾಗುತ್ತದೆ, ಎರಡನ್ನೂ ಒಟ್ಟಿಗೆ ಮಾಡಬಹುದಾದರೆ ಒಳ್ಳೆಯದು. ಆಗದಿದ್ದರೆ ಆಗುವುದಿಲ್ಲ ಅಂತ ಈಗಲೇ ಹೇಳಿಬಿಡಿ, ಅವರ ಜೊತೆ ನಾನು ಮಾತಾಡುತ್ತೇನೆ. ಪಾಲಿಸಿಯಲ್ಲಿ ಇಲ್ಲದ್ದು ಸರ್ಟಿಫಿಕೇಟ್‌ನಲ್ಲಿ ಬರುವುದು ಮಾತ್ರ ಬೇಡ. ಯಾರಾದರೂ ಕಾಯಿಲೆ ಬಿದ್ದ ದಿನ ಆ ಕಾಗದ ಅವರಿಗೂ ಉಪಯೋಗಕ್ಕೆ ಬರುವುದಿಲ್ಲ, ನಮಗೂ ಬರುವುದಿಲ್ಲ.

ಕಾರ್ಮಿಕರ ಪಾಲಿಸಿಯ ವಿವರವೂ ಅದೇ ಸರ್ಟಿಫಿಕೇಟ್‌ನಲ್ಲಿ ಇರಲಿ. ನಮ್ಮಲ್ಲಿ ಕೆಲಸ ಮಾಡುವವರು 8 ಜನ, ಇಎಸ್‌ಐಗೆ ಬೇಕಾದ 10 ಜನರ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಇಎಸ್‌ಐ ಬದಲು ಈ ಪಾಲಿಸಿಯನ್ನೇ ತೋರಿಸಬೇಕು. ಬೆಂಕಿ ವಿಮೆಯನ್ನು ಅವರು ಕೇಳಿಲ್ಲ, ಅದನ್ನು ಬಿಡಬಹುದು.

ಹೆಸರಿನ ಬಗ್ಗೆ ಸ್ವಲ್ಪ ಗಮನ ಕೊಡಿ. ಜಿಎಸ್‌ಟಿ ನೋಂದಣಿಯಲ್ಲಿ ಹೇಗಿದೆಯೋ ಹಾಗೇ, ಇನಿಷಿಯಲ್ ಸಮೇತ ಬರಬೇಕು. ಅದರ ಪ್ರತಿ ಲಗತ್ತಿಸಿದ್ದೇನೆ. ಸರ್ಟಿಫಿಕೇಟ್ ಯಾರಿಗೆ ಅನ್ನುವ ಜಾಗದಲ್ಲಿ ಕಾರ್ಖಾನೆಯ ಹೆಸರು, ವಿಳಾಸ ಹಾಕಬೇಕು. ಅವು ಅವರ ಟೆಂಡರ್ ಕಾಗದದ ಮೊದಲ ಪುಟದಲ್ಲೇ ಇವೆ, ಅದನ್ನೂ ಕಳಿಸಿದ್ದೇನೆ.

ಗುತ್ತಿಗೆ 2027ರ ಏಪ್ರಿಲ್‌ವರೆಗೂ ನಡೆಯುತ್ತದೆ, ಪಾಲಿಸಿಗಳು ಜೂನ್‌ಗೇ ಮುಗಿಯುತ್ತವೆ. ನವೀಕರಿಸಿದ ಕೂಡಲೇ ಹೊಸ ಸರ್ಟಿಫಿಕೇಟ್ ಕೊಡುವುದಾಗಿ ಕಾರ್ಖಾನೆಗೆ ನಾನೇ ಪತ್ರ ಬರೆದುಕೊಡುತ್ತೇನೆ. ನವೀಕರಣದ ಕೊಟೇಶನ್ ಜೂನ್ ಮೊದಲ ವಾರದಲ್ಲಿ ನಿಮ್ಮಿಂದ ಸಿಕ್ಕಿದರೆ ನಡುವೆ ಒಂದು ದಿನವೂ ಖಾಲಿ ಬೀಳುವುದಿಲ್ಲ.

19ಕ್ಕೆ ಯುಗಾದಿ, ಅದರ ಬೆನ್ನಿಗೇ ರಂಜಾನ್. ರಜೆ ಮುಗಿಯುವಷ್ಟರಲ್ಲಿ ಗಡುವು ಬಂದುಬಿಡುತ್ತದೆ. ಆದ್ದರಿಂದ ಪ್ರೀಮಿಯಂ ಮೊತ್ತ 13ರೊಳಗೆ, ಸರ್ಟಿಫಿಕೇಟಿನ ಪಿಡಿಎಫ್ 18ರೊಳಗೆ ಈ ಇಮೇಲ್‌ಗೆ ಕಳಿಸಿಕೊಡಬೇಕಾಗಿ ಕೇಳಿಕೊಳ್ಳುತ್ತೇನೆ. ಸಹಿ ಮಾಡುವ ಮೊದಲು ಕರಡು ಕಳಿಸಿದರೆ ಹೆಸರು, ಮೊತ್ತ ಎಲ್ಲ ನೋಡಿ ಒಂದೇ ಗಂಟೆಯಲ್ಲಿ ತಿಳಿಸುತ್ತೇನೆ. ಮೂಲ ಪ್ರತಿಯನ್ನು ಶಾಖೆಗೆ ಬಂದು ತೆಗೆದುಕೊಳ್ಳುತ್ತೇನೆ.

ವಂದನೆಗಳೊಂದಿಗೆ,
ಶಶಿಕಲಾ ಎನ್.
ಮಾಲೀಕರು, ತರಕಾರಿ ಸಂಸ್ಕರಣಾ ಘಟಕ
ಟಮಕ, ಕೋಲಾರ

ಲಗತ್ತು: ಮೂರು ಪಾಲಿಸಿಗಳ ಮೊದಲ ಪುಟ, ಜಿಎಸ್‌ಟಿ ನೋಂದಣಿ ಪ್ರತಿ, ಟೆಂಡರ್‌ನ ಮೊದಲ ಪುಟ ಮತ್ತು ವಿಮೆಯ ಷರತ್ತುಗಳಿರುವ ಪುಟ