‘ನಲ್ವತ್ತು ಕೋಲು’ ಥ್ರಿಲ್ಲರ್ ಕಾದಂಬರಿ ಬಗ್ಗೆ

ಮೇಡಂ ನಮಸ್ಕಾರ,

ನಾನು ಕಾಸರಗೋಡಿನ ಬದಿಯಡ್ಕದವಳು. ‘ನಲ್ವತ್ತು ಕೋಲು’ ಅಂತ ಒಂದು ಥ್ರಿಲ್ಲರ್ ಬರ್ದು ಮುಗಿಸಿದ್ದೇನೆ, 78,000 ಪದ ಉಂಟು, ನನ್ನ ಮೊದಲ ಕಾದಂಬರಿ. ನೀವು ಇದಕ್ಕೆ ಏಜೆಂಟ್ ಆಗ್ತೀರಾ ಅಂತ ಕೇಳ್ಲಿಕ್ಕೆ ಈ ಪತ್ರ.

ಕಥೆ ಒಂದು ಸುರಂಗದಿಂದ ಶುರು. ರೈಲಿನ ಸುರಂಗ ಅಲ್ಲ, ನಮ್ಮಲ್ಲಿ ನೀರಿಗೋಸ್ಕರ ಮುರಕಲ್ಲಿನ ಗುಡ್ಡೆಗೆ ಅಡ್ಡಕ್ಕೆ ಕೊರೀತಾರಲ್ಲ, ಒಬ್ಬ ಬಗ್ಗಿಕೊಂಡು ಹೋಗುವಷ್ಟೇ ಅಗಲ, ಅದು. ಸರೋಜ ಆಧಾರ, ಅಂದ್ರೆ ಜಾಗದ ದಸ್ತಾವೇಜು, ಬರೆಯುವ ಆಫೀಸಿನಲ್ಲಿ ಕನ್ನಡದ ಹಳೇ ಆಧಾರಗಳನ್ನ ಓದಿ ಮಲಯಾಳಕ್ಕೆ ಮಾಡಿಕೊಡುವವಳು. ಮಾರಾಟಕ್ಕೆ ಬಂದ ಒಂದು ಅಡಿಕೆ ತೋಟದ 1951ರ ಆಧಾರದಲ್ಲಿ ಸುರಂಗದ ಉದ್ದ ನಲ್ವತ್ತು ಕೋಲು ಅಂತ ಉಂಟು, ಅಳೆದ್ರೆ ಮೂವತ್ತೆರಡೇ. ಅಳೀಲಿಕ್ಕೆ ಹೋದ ಮುದುಕ ಜೀವಮಾನ ಇಡೀ ಸುರಂಗ ಕೊರೆದವ, ಕೈಯಲ್ಲಿ ಮೇಣದಬತ್ತಿ, ಉಸಿರಾಡುವ ಗಾಳಿ ಕಮ್ಮಿಯಾದ್ರೆ ಬತ್ತಿ ನಂದ್ತದೆ, ಕೂಡ್ಲೇ ಹಿಂದೆ ಬರ್ಬೇಕು. ಅಲ್ಲಿ ಬತ್ತಿ ನಂದ್ಲಿಲ್ಲ, ಜ್ವಾಲೆ ಗೋಡೆ ಕಡೆಗೆ ವಾಲಿತು. ಅಂದ್ರೆ ಆಚೆಯಿಂದ ಗಾಳಿ ಎಳೀತಾ ಉಂಟು, ಯಾರೋ ಕಲ್ಲು ಕಟ್ಟಿ ಮಣ್ಣು ಮೆತ್ತಿದ್ದಾರೆ. ಎರಡು ದಿನದಲ್ಲಿ ಮುದುಕನ ಹೆಣ ತೋಟದ ಕೆರೆಯಲ್ಲಿ. ರಿಜಿಸ್ಟ್ರೇಷನ್ನಿಗೆ ಒಂಬತ್ತು ದಿನ ಉಳಿದಿರುವಾಗ ಒಬ್ಬ ಆಫೀಸಿಗೆ ಬಂದು ಸರೋಜನ ಹತ್ರ ಮೆಲ್ಲಗೆ ಹೇಳ್ತಾನೆ, ‘ಅನುವಾದದಲ್ಲಿ ಮೂವತ್ತೆರಡು ಅಂತ ಬರೀರಿ, ಅಷ್ಟೇ ಸಾಕು.’ ಆ ಆಧಾರಕ್ಕೆ ಸಾಕ್ಷಿ ಹಾಕಿದವರಲ್ಲಿ ಅವಳ ಅಜ್ಜನೂ ಒಬ್ಬರು.

ನಾನು 12 ವರ್ಷದಿಂದ ಇದೇ ಕೆಲಸ ಮಾಡ್ತಿದ್ದೇನೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರುವ ಮೊದಲು ನಾವು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದೆವು, ಆಗಿನ ಆಧಾರಗಳು ಕನ್ನಡದಲ್ಲಿ, ಒತ್ತೊತ್ತು ಮೋಡಿ ಅಕ್ಷರ, ಮಡಚಿದಲ್ಲೆಲ್ಲ ಹರಿದದ್ದು. ನಮ್ಮ ಆಫೀಸಿನಲ್ಲಿ ಅದನ್ನ ಸರಾಗ ಓದುವವಳು ಈಗ ನಾನೊಬ್ಬಳೇ. ಒಂದು ಶಬ್ದ ತಪ್ಪಿ ಓದಿದ್ರೆ ಒಂದು ಮನೆಯವರ ಜಾಗ ಹೋಗ್ತದೆ ಅನ್ನುವ ಹೆದರಿಕೆ ನನಗೆ ದಿನಾ ಉಂಟು, ಕಾದಂಬರಿ ಹುಟ್ಟಿದ್ದೇ ಆ ಹೆದರಿಕೆಯಿಂದ.

ಒಬ್ಬ ಪ್ರಕಾಶಕರಿಗೆ ಮೊದಲ ಅಧ್ಯಾಯ ತೋರಿಸಿದ್ದೆ, ಮಾತುಕತೆಯನ್ನೆಲ್ಲ ಬೆಂಗಳೂರು ಕನ್ನಡ ಮಾಡಿ ಅಂದ್ರು, ನಾನು ಒಪ್ಪಲಿಲ್ಲ. ವೇಗಕ್ಕೋಸ್ಕರ ಅಧ್ಯಾಯವೇ ತೆಗೀರಿ ಅಂದ್ರೆ ತೆಗೀತೇನೆ ಮೇಡಂ, ಆದ್ರೆ ಸರೋಜ ‘ಉಂಟು’ ಅಂತಲೇ ಹೇಳ್ಬೇಕು. ಗಡಿಯ ಕಡೆಯ ಬರಹ ಬೇಕು ಅಂತ ನೀವು ಹೇಳಿದ್ದು ಓದಿದ ಮೇಲೆಯೇ ಬರೀಲಿಕ್ಕೆ ಧೈರ್ಯ ಬಂತು. ಮಲಯಾಳ, ಇಂಗ್ಲಿಷ್ ಅನುವಾದದ ಹಕ್ಕು ನೋಡಿಕೊಳ್ಳುವವರೂ ನನಗೆ ಬೇಕು.

ಸಿನಾಪ್ಸಿಸ್ ಮತ್ತು ಮೊದಲ ಮೂರು ಅಧ್ಯಾಯ ಇದರ ಜೊತೆ ಇಟ್ಟಿದ್ದೇನೆ, ಗೋಡೆಯ ಆಚೆ ಏನುಂಟು ಅಂತ ಸಿನಾಪ್ಸಿಸ್ಸಿನಲ್ಲಿ ಬಿಚ್ಚಿ ಬರೆದಿದ್ದೇನೆ. ಪೂರ್ತಿ ಪ್ರತಿ ಯೂನಿಕೋಡಿನಲ್ಲಿ ರೆಡಿ ಉಂಟು, ಕೇಳಿದ ದಿನವೇ ಕಳಿಸ್ತೇನೆ. ಸದ್ಯಕ್ಕೆ ಬೇರೆ ಯಾವ ಏಜೆಂಟರಿಗೂ ಕಳಿಸಿಲ್ಲ.

ಇತಿ,
ಶ್ಯಾಮಲಾ
ಬದಿಯಡ್ಕ, ಕಾಸರಗೋಡು